182 ಅಂತ ತೋರಿಸಿತ್ತು, 185.72ಕ್ಕೆ ಬಿತ್ತು: ಮೊದಲ ಷೇರು ಖರೀದಿಯ ಒಂದು ಪ್ರಕರಣ

ನನ್ನ ತಂಗಿ ಜೀವನದಲ್ಲಿ ಮೊದಲ ಸಲ ಷೇರು ಕೊಂಡಳು. 400 ಷೇರು. ಆ್ಯಪ್‌ನಲ್ಲಿ ದರ 182 ರೂಪಾಯಿ ಅಂತ ಕಾಣುತ್ತಿತ್ತು. 400 ಸಲ 182 ಅಂದರೆ 72,800. ಅಷ್ಟು ಲೆಕ್ಕ ಹಾಕಿ, ಸ್ವಲ್ಪ ಜಾಸ್ತಿ ದುಡ್ಡು ಖಾತೆಗೆ ಹಾಕಿಕೊಂಡು, ಮಾರ್ಕೆಟ್ ಆರ್ಡರ್ ಆರಿಸಿ ಬಟನ್ ಒತ್ತಿದಳು. ಖಾತೆಯಿಂದ ಹೋಗಿದ್ದು 74,286. ಬ್ರೋಕರೇಜ್, ತೆರಿಗೆ ಇದರಲ್ಲಿ ಸೇರಿಲ್ಲ, ಅವು ಬೇರೆ. ಬರೀ ಷೇರಿನ ಬೆಲೆಯಲ್ಲೇ 1,486 ರೂಪಾಯಿ ವ್ಯತ್ಯಾಸ.

"ಅಣ್ಣ, ಇಲ್ಲಿ 182 ಅಂತ ಇತ್ತಲ್ಲ, ನನಗ್ಯಾಕೆ 185 ಚಿಲ್ಲರೆ ಬಿತ್ತು? ಯಾರೋ ಮಧ್ಯೆ ದುಡ್ಡು ಹೊಡೆದ್ರಾ?" ಅಂತ ಫೋನ್ ಮಾಡಿದಳು.

ಯಾರೂ ಹೊಡೆದಿರಲಿಲ್ಲ. ಏನಾಯಿತು ಅಂತ ಸಾಲು ಸಾಲಾಗಿ ತೋರಿಸೋಕೆ ಆಗಿದ್ದು ಒಂದೇ ಕಾರಣಕ್ಕೆ: ಒತ್ತುವ ಮುಂಚೆ ಅವಳು "ಇದು ಸರಿ ಇದೆಯಾ ನೋಡು" ಅಂತ ಒಂದು ಸ್ಕ್ರೀನ್‌ಶಾಟ್ ಕಳಿಸಿದ್ದಳು. ನಾನು ನೋಡುವಷ್ಟರಲ್ಲಿ ಒತ್ತಿಯಾಗಿತ್ತು. ಆದರೆ ಆ ಚಿತ್ರದಲ್ಲಿ ಆ ಕ್ಷಣದ ಮಾರ್ಕೆಟ್ ಡೆಪ್ತ್, ಅಂದರೆ ಯಾವ ಬೆಲೆಗೆ ಎಷ್ಟು ಷೇರು ಕೊಳ್ಳೋಕೆ, ಮಾರೋಕೆ ಜನ ನಿಂತಿದ್ದಾರೆ ಅನ್ನೋ ಪಟ್ಟಿ, ಪೂರ್ತಿ ಇತ್ತು. ಕಂಪನಿ ಹೆಸರು ಇಲ್ಲಿ ಬೇಡ, ಅದು ಮುಖ್ಯವೂ ಅಲ್ಲ. ಅಷ್ಟೇನೂ ವಹಿವಾಟು ಇಲ್ಲದ ಒಂದು ಸಣ್ಣ ಕಂಪನಿ ಅಂದುಕೊಳ್ಳಿ ಸಾಕು.

ಚಿತ್ರದಲ್ಲಿ ಇದ್ದದ್ದು ಹೀಗೆ:

| ಕೊಳ್ಳುವವರಿಗೆ ಬೇಕಿರುವ ಷೇರು | ಬಿಡ್ | ಆಸ್ಕ್ | ಮಾರುವವರ ಬಳಿ ಇರುವ ಷೇರು |
|---|---|---|---|
| 60 | 181.50 | 183.00 | 50 |
| 150 | 181.00 | 183.80 | 70 |
| 40 | 180.60 | 185.00 | 120 |
| 300 | 180.00 | 187.00 | 100 |
| 90 | 179.50 | 189.50 | 200 |

ಎಡಗಡೆ ಇರುವುದು ಕೊಳ್ಳೋಕೆ ನಿಂತವರ ಸಾಲು. ಅವರು ಕೊಡಲು ತಯಾರಿರುವ ಬೆಲೆಗೆ ಬಿಡ್ ಅನ್ನುತ್ತಾರೆ. ಬಲಗಡೆ ಮಾರೋಕೆ ನಿಂತವರು, ಅವರು ಕೇಳುತ್ತಿರುವ ಬೆಲೆ ಆಸ್ಕ್. ಅತಿ ಹೆಚ್ಚಿನ ಬಿಡ್ 181.50, ಅತಿ ಕಡಿಮೆ ಆಸ್ಕ್ 183.00. ನಡುವಿನ 1.50 ರೂಪಾಯಿಯೇ ಸ್ಪ್ರೆಡ್. ಆ ಜಾಗದಲ್ಲಿ ಯಾರೂ ಇಲ್ಲ. ಇದ್ದಿದ್ದರೆ ಸ್ಪ್ರೆಡ್ ಅಷ್ಟು ಕಿರಿದಾಗಿರುತ್ತಿತ್ತು.

ಈಗ ಪಟ್ಟಿಯಲ್ಲಿ 182 ಹುಡುಕಿ. ಎಲ್ಲೂ ಇಲ್ಲ, ಅಲ್ವಾ? ತಂಗಿ ಮೊದಲು ಎಡವಿದ್ದು ಇಲ್ಲೇ. ಆ್ಯಪ್ ದೊಡ್ಡ ಅಕ್ಷರದಲ್ಲಿ ತೋರಿಸುವ ದರ ಕೊನೆಯ ವ್ಯವಹಾರದ ದರ, ಎಲ್‌ಟಿಪಿ ಅಂತಾರಲ್ಲ ಅದು. ಅಂದರೆ ಆಗಿ ಹೋದ ಮಾತು. ಅವಳು ನೋಡಿದ 182 ಅದಕ್ಕೂ 12 ನಿಮಿಷ ಮುಂಚೆ ಯಾರೋ 10 ಷೇರು ಕೈ ಬದಲಾಯಿಸಿದಾಗ ಬಿದ್ದ ದರ. ಆಮೇಲೆ ಆ ಬೆಲೆಗೆ ಮಾರಲು ಒಬ್ಬರೂ ಉಳಿದಿರಲಿಲ್ಲ. ಅವಳಿಗೆ ಆ ಕ್ಷಣಕ್ಕೆ ಸಿಗಬಹುದಾಗಿದ್ದ ಅತಿ ಕಡಿಮೆ ಬೆಲೆ 183, ಅದೂ ಬರೀ 50 ಷೇರಿಗೆ.

ಇನ್ನು ಮಾರ್ಕೆಟ್ ಆರ್ಡರ್ ಅಂದರೆ ಏನು ಅಂತ ನೋಡೋಣ. ಹೆಸರು ಕೇಳಿದರೆ "ಮಾರುಕಟ್ಟೆ ದರಕ್ಕೆ ಕೊಡಿ" ಅನ್ನೋ ಅರ್ಥ ಬರುತ್ತದೆ, ಹಾಗಾಗಿ ಹೊಸಬರಿಗೆ ಅದೇ ನ್ಯಾಯವಾದ ಆಯ್ಕೆ ಅನಿಸುತ್ತದೆ. ಆದರೆ ನಾವು ಒಪ್ಪಿಕೊಳ್ಳುವುದು ಬೇರೆಯೇ: "ನನಗೆ 400 ಷೇರು ಬೇಕು, ಈಗಲೇ ಬೇಕು, ಬೆಲೆ ಎಷ್ಟಾದರೂ ಆಗಲಿ." ಅದರಲ್ಲಿ ಸಂಖ್ಯೆ ಇದೆ, ಅವಸರ ಇದೆ, ಬೆಲೆಯ ಮಾತೇ ಇಲ್ಲ. ಯಂತ್ರ ಅದನ್ನು ಅಕ್ಷರಶಃ ಪಾಲಿಸುತ್ತದೆ. ಮೇಲಿನ ಸಾಲಿನಿಂದ ಶುರು ಮಾಡಿ 400 ಆಗುವ ತನಕ ಕೆಳಗೆ ಇಳಿಯುತ್ತಾ ಹೋಗುತ್ತದೆ.

ಅವಳ ಆರ್ಡರ್ ಹಾಗೇ ಇಳಿಯಿತು. ಮೊದಲ 50 ಷೇರು 183.00ಕ್ಕೆ ಸಿಕ್ಕಿತು, 9,150 ರೂಪಾಯಿ. ಆ ಸಾಲು ಖಾಲಿ. ಮುಂದಿನ 70 ಷೇರು 183.80ಕ್ಕೆ, 12,866. ಅದೂ ಖಾಲಿ. 120 ಷೇರು 185ಕ್ಕೆ, 22,200. 100 ಷೇರು 187ಕ್ಕೆ, 18,700. ಕೊನೆಗೆ ಬೇಕಿದ್ದ 60 ಷೇರನ್ನು 189.50ರ ಸಾಲಿನಿಂದ ಕಿತ್ತುಕೊಂಡಿತು, 11,370. ಎಲ್ಲಾ ಕೂಡಿದರೆ 74,286, ಸರಾಸರಿ 185.72. ಇದೆಲ್ಲ ಆಗೋಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಾಗಿಲ್ಲ.

ಈ 1,486 ರೂಪಾಯಿಯನ್ನು ಎರಡು ಭಾಗ ಮಾಡಿ ನೋಡಬೇಕು, ಯಾಕೆಂದರೆ ಎರಡರ ಕಾರಣವೂ ಬೇರೆ, ತಪ್ಪಿಸಿಕೊಳ್ಳುವ ದಾರಿಯೂ ಬೇರೆ. ಎಲ್‌ಟಿಪಿ 182ರಿಂದ ಮೊದಲ ಆಸ್ಕ್ 183ರ ತನಕ ಒಂದು ರೂಪಾಯಿ. 400 ಷೇರಿಗೆ 400 ರೂಪಾಯಿ. ಇದು ಸ್ಪ್ರೆಡ್ ದಾಟಿದ್ದರ ಖರ್ಚು, ಈಗಲೇ ಬೇಕು ಅನ್ನುವವರು ಕೊಡಲೇಬೇಕಾದದ್ದು. ಉಳಿದ 1,086 ರೂಪಾಯಿ 183ರಿಂದ ಆಚೆ ಜಾರಿದ್ದರ ಖರ್ಚು, ಇದಕ್ಕೆ ಸ್ಲಿಪೇಜ್ ಅನ್ನುತ್ತಾರೆ. ಸ್ಪ್ರೆಡ್ ಬಗ್ಗೆ ಓದಿಕೊಂಡು ಬಂದವರು ಕೂಡ ಮೊದಲ ಸಾಲಿನ ಎರಡು ಬೆಲೆ ನೋಡಿ ಸುಮ್ಮನಾಗುತ್ತಾರೆ. ಪಕ್ಕದ ಸಂಖ್ಯೆ ನೋಡಲ್ಲ. 183 ಪಕ್ಕದಲ್ಲಿ 50 ಅಂತ ಇದೆ, ನನಗೆ ಬೇಕಿರುವುದು 400. ಬೆಲೆಗಿಂತ ಆ 50 ಅನ್ನೋ ಅಂಕಿಯೇ ದೊಡ್ಡ ಎಚ್ಚರಿಕೆ ಆಗಿತ್ತು.

ಇದರ ನಂತರ ನಡೆದದ್ದು ಅವಳನ್ನು ಇನ್ನೂ ಗೊಂದಲಕ್ಕೆ ಹಾಕಿತು. ಕೊಂಡ ತಕ್ಷಣ ಆ್ಯಪ್ ಹಸಿರು ಬಣ್ಣದಲ್ಲಿ 1,514 ರೂಪಾಯಿ ಲಾಭ ತೋರಿಸಿತು. ಖುಷಿಯಾಯಿತಂತೆ. ಆದರೆ ಆ ಲಾಭ ಬಂದದ್ದು ಅವಳದೇ ಖರೀದಿಯಿಂದ! ಕೊನೆಯ 60 ಷೇರು 189.50ಕ್ಕೆ ಬಿದ್ದಿತ್ತು, ಹಾಗಾಗಿ ಎಲ್‌ಟಿಪಿ 189.50 ಆಯಿತು, ಆ್ಯಪ್ ಅವಳ 400 ಷೇರನ್ನೂ ಅದೇ ದರದಲ್ಲಿ ಲೆಕ್ಕ ಹಾಕಿತು. ಸುಮಾರು 20 ನಿಮಿಷ ಆದಮೇಲೆ ಯಾರೋ 25 ಷೇರನ್ನು 181.50ಕ್ಕೆ ಮಾರಿದರು. ಎಲ್‌ಟಿಪಿ 181.50ಕ್ಕೆ ಇಳಿಯಿತು. ಹಸಿರು ಹೋಗಿ ಕೆಂಪು ಬಂತು, 1,686 ರೂಪಾಯಿ ನಷ್ಟ. "ಅರ್ಧ ಗಂಟೆಯಲ್ಲಿ ಕಂಪನಿಗೆ ಏನಾಯ್ತು?" ಅಂತ ಕೇಳಿದಳು. ಕಂಪನಿಗೆ ಏನೂ ಆಗಿರಲಿಲ್ಲ. ಕೊಳ್ಳುವವರ ಸಾಲು ಮೊದಲಿನಿಂದಲೂ ಅಲ್ಲೇ ಇತ್ತು, ಒಂದು ಪೈಸೆ ಕೂಡ ಕದಲಿರಲಿಲ್ಲ.

ನಿಜ ಹೇಳಬೇಕೆಂದರೆ ಆ 1,686 ಕೂಡ ಪೂರ್ತಿ ಲೆಕ್ಕ ಅಲ್ಲ. ಆಗಲೇ ಅವಳು 400 ಷೇರನ್ನೂ ಮಾರ್ಕೆಟ್ ಆರ್ಡರ್ ಹಾಕಿ ಮಾರಿದ್ದರೆ ಏನಾಗುತ್ತಿತ್ತು ನೋಡಿ. 181.50ರಲ್ಲಿ ಉಳಿದಿದ್ದ 35, 181ರಲ್ಲಿ 150, 180.60ರಲ್ಲಿ 40, ಮಿಕ್ಕ 175 ಷೇರು 180ರಲ್ಲಿ. ಕೈಗೆ ಬರುತ್ತಿದ್ದದ್ದು 72,226.50. ಕೊಂಡ ಬೆಲೆಗೆ ಹೋಲಿಸಿದರೆ 2,059.50 ರೂಪಾಯಿ ಕಡಿಮೆ, ಹೆಚ್ಚುಕಡಿಮೆ ಶೇ. 2.8. ಬರೀ ಒಳಗೆ ಹೋಗಿ ಹೊರಗೆ ಬಂದಿದ್ದಕ್ಕೆ. ಒಂದು ಷೇರಿನಲ್ಲಿ ನಿಮಗೆ ನಿಜವಾಗಿ ಎಷ್ಟು ದುಡ್ಡು ಇದೆ ಅಂತ ತಿಳಿಯಬೇಕಾದರೆ ಎಲ್‌ಟಿಪಿ ನೋಡಬೇಡಿ, ಬಿಡ್ ಕಡೆಯ ಸಾಲುಗಳನ್ನು ನಿಮ್ಮ ಸಂಖ್ಯೆ ತುಂಬುವ ತನಕ ಕೂಡಿಸುತ್ತಾ ಹೋಗಿ.

ಇಷ್ಟು ಅಗಲದ ಸ್ಪ್ರೆಡ್ ಯಾಕಿತ್ತು ಅಂತ ಕೇಳಬಹುದು. ಬೆಲೆ ಹಾಕಿ ಸಾಲಿನಲ್ಲಿ ಕಾಯುವವರಿಗೆ ಒಂದು ಭಯ ಇರುತ್ತದೆ. ತಮಗಿಂತ ಹೆಚ್ಚು ತಿಳಿದವರು ಬಂದು, ತಾವು ಹಾಕಿದ ಬೆಲೆಗೆ ಗಬಕ್ಕನೆ ಕೊಂಡೋ ಮಾರಿಯೋ ಹೋಗಿಬಿಟ್ಟರೆ ಅನ್ನುವ ಭಯ. ವ್ಯವಹಾರ ದಟ್ಟವಾಗಿರುವ ಕಡೆ ತಪ್ಪಾದರೂ ತಕ್ಷಣ ಹೊರಗೆ ಬರಬಹುದು, ಪೈಪೋಟಿಯೂ ಜಾಸ್ತಿ, ಹಾಗಾಗಿ ಎರಡೂ ಕಡೆಯವರು ಹತ್ತಿರ ಹತ್ತಿರ ಬರುತ್ತಾರೆ. ಹತ್ತಾರು ನಿಮಿಷಕ್ಕೊಂದು ವ್ಯವಹಾರ ಆಗುವ ಷೇರಿನಲ್ಲಿ ಯಾರಿಗೂ ಆ ಧೈರ್ಯ ಬರಲ್ಲ, ದೂರ ನಿಲ್ಲುತ್ತಾರೆ. ಮಾರುಕಟ್ಟೆ ತೆರೆದ ಮೊದಲ ಕೆಲವು ನಿಮಿಷ, ದೊಡ್ಡ ಸುದ್ದಿ ಬಂದ ಹೊತ್ತು, ಆಗಲೂ ಇದೇ ಕಾರಣಕ್ಕೆ ಸ್ಪ್ರೆಡ್ ಅಗಲ ಆಗುತ್ತದೆ.

ಹೋಲಿಕೆಗೆ ಒಂದು ದಟ್ಟ ವಹಿವಾಟಿನ ಷೇರು ತೆಗೆದುಕೊಳ್ಳಿ. ಬಿಡ್ 1,841.90, ಆಸ್ಕ್ 1,842.00, ಪ್ರತಿ ಸಾಲಿನಲ್ಲೂ ನೂರಾರು ಷೇರು. ಅಲ್ಲಿ ತಂಗಿ ಅಷ್ಟೇ ದುಡ್ಡಿಗೆ 40 ಷೇರನ್ನು ಮಾರ್ಕೆಟ್ ಆರ್ಡರ್ ಹಾಕಿ ಕೊಂಡಿದ್ದರೆ ಎಲ್ಲವೂ 1,842ಕ್ಕೇ ಸಿಗುತ್ತಿತ್ತು. 40 ಷೇರಿನ ಮೇಲೆ ಪೂರ್ತಿ ಸ್ಪ್ರೆಡ್ 4 ರೂಪಾಯಿ. ಅಂಥ ಕಡೆ ಮಾರ್ಕೆಟ್ ಆರ್ಡರ್ ಹಾಕಿದರೆ ತಪ್ಪೇನಿಲ್ಲ, ನಾನೂ ಹಾಕುತ್ತೇನೆ. "ಮಾರ್ಕೆಟ್ ಆರ್ಡರ್ ಯಾವತ್ತೂ ಹಾಕಬೇಡಿ" ಅಂತ ಹೇಳುವವರ ಮಾತನ್ನು ನಾನು ಒಪ್ಪಲ್ಲ. ಅವಳ ಆರ್ಡರ್ ಕೆಟ್ಟದ್ದಾಗಿದ್ದು ಆ ಷೇರಿನ ಆ ಸಾಲುಗಳಿಗೆ 400 ಅನ್ನೋ ಸಂಖ್ಯೆ ದೊಡ್ಡದಾಗಿದ್ದರಿಂದ.

ಆದರೆ ಬೆಲೆಗೆ ಮಿತಿಯೇ ಇಲ್ಲ ಅನ್ನುವುದು ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ 2010ರ ಮೇ 6ರ ಅಮೆರಿಕದ ಮಾರುಕಟ್ಟೆ ನೆನಪಿಗೆ ಬರುತ್ತದೆ. ಆ ಮಧ್ಯಾಹ್ನ ಕೆಲವೇ ನಿಮಿಷ ಸಾಲುಗಳು ಬರಿದಾದವು. ಸುಮಾರು 40 ಡಾಲರ್ ಇದ್ದ ಆಕ್ಸೆಂಚರ್ ಷೇರು ಒಂದಷ್ಟು ಹೊತ್ತು ಒಂದು ಸೆಂಟ್‌ಗೆ ಮಾರಾಟ ಆಯಿತು. ಎರಡೂ ಕಡೆ ಏನಾದರೊಂದು ಬೆಲೆ ಹಾಕಿರಲೇಬೇಕು ಅನ್ನುವ ನಿಯಮ ಪಾಲಿಸೋಕೆ ಕೆಲವರು ಹೆಸರಿಗೆ ಅಂತ ಒಂದು ಸೆಂಟ್ ಬಿಡ್ ಹಾಕಿಟ್ಟಿದ್ದರು. ಮೇಲಿನ ಸಾಲುಗಳೆಲ್ಲ ಖಾಲಿಯಾದಾಗ ಬೆಲೆಯ ಮಿತಿ ಇಲ್ಲದ ಮಾರಾಟದ ಆರ್ಡರ್‌ಗಳು ನೇರ ಅಲ್ಲಿಗೆ ಹೋಗಿ ಬಿದ್ದವು. ಅಂದಿನ ಬೆಲೆಗಿಂತ ಶೇ. 60ಕ್ಕೂ ಹೆಚ್ಚು ದೂರ ಹೋಗಿದ್ದ ವ್ಯವಹಾರಗಳನ್ನು ಆಮೇಲೆ ರದ್ದು ಮಾಡಿದರು. ಅದಕ್ಕಿಂತ ಕಡಿಮೆ ಪೆಟ್ಟು ತಿಂದವರ ವ್ಯವಹಾರಗಳು ಹಾಗೇ ಉಳಿದವು.

ಈಗ ಲಿಮಿಟ್ ಆರ್ಡರ್. ಅದರಲ್ಲಿ ಸಂಖ್ಯೆ ಜೊತೆಗೆ ಒಂದು ಬೆಲೆಯನ್ನೂ ಬರೆಯುತ್ತೀರಿ. ಕೊಳ್ಳುವಾಗ ಅದು ಮೇಲಿನ ಮಿತಿ: ಇದಕ್ಕಿಂತ ಒಂದು ಪೈಸೆ ಜಾಸ್ತಿ ಕೊಡಲ್ಲ. ತಂಗಿಗೆ ಲಿಮಿಟ್ ಆರ್ಡರ್ ಅಂದರೆ ಗೊತ್ತಿತ್ತು, ಆದರೂ ಹಾಕಲಿಲ್ಲ. ಯಾಕೆ ಅಂತ ಕೇಳಿದೆ. "ನಾನು 185 ಅಂತ ಬರೆದರೆ 185ಕ್ಕೇ ಕೊಟ್ಟುಬಿಡ್ತಾರಲ್ವಾ? 182 ಇರುವಾಗ ಸುಮ್ನೆ ಯಾಕೆ ಜಾಸ್ತಿ ಬರೆಯೋದು ಅನ್ಕೊಂಡೆ." ಈ ತಪ್ಪು ತಿಳಿವಳಿಕೆ ತುಂಬಾ ಜನರಲ್ಲಿ ಇದೆ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತೇನೆ. 185ರ ಲಿಮಿಟ್ ಹಾಕಿದರೆ 185 ಕೊಡಬೇಕಾಗಿಲ್ಲ. ಯಂತ್ರ ಆಗಲೂ ಮೇಲಿನ ಸಾಲಿನಿಂದಲೇ ಶುರು ಮಾಡುತ್ತದೆ: 50 ಷೇರು 183ಕ್ಕೆ, 70 ಷೇರು 183.80ಕ್ಕೆ, 120 ಷೇರು 185ಕ್ಕೆ. ಅಲ್ಲಿಗೆ 240 ಷೇರು, ಸರಾಸರಿ 184.23. ಆಮೇಲೆ ನಿಲ್ಲುತ್ತದೆ. ಉಳಿದ 160 ಷೇರಿನ ಬೇಡಿಕೆ 185ರ ಬಿಡ್ ಆಗಿ ಎಡಗಡೆಯ ಸಾಲಿನ ತಲೆಯಲ್ಲಿ ಹೋಗಿ ಕೂರುತ್ತದೆ, ಯಾರಾದರೂ ಮಾರುವವರು ಆ ಬೆಲೆಗೆ ಬರಲಿ ಅಂತ ಕಾಯುತ್ತದೆ.

ನಾನಾಗಿದ್ದರೆ ಆ ಚಿತ್ರ ನೋಡಿ 183.80ಕ್ಕೆ ಲಿಮಿಟ್ ಹಾಕುತ್ತಿದ್ದೆ. ಕಾರಣ ಇದೆ. 183ರಿಂದ 183.80ಕ್ಕೆ 80 ಪೈಸೆ ಜಿಗಿತ, ಅದರ ಮುಂದೆ ಒಮ್ಮೆಲೇ 1.20, ಆಮೇಲೆ 2, ಆಮೇಲೆ 2.50. ಸಾಲುಗಳ ನಡುವಿನ ಅಂತರ ಬೆಳೆಯುತ್ತಾ ಹೋಗುವ ಜಾಗಕ್ಕಿಂತ ಮುಂಚೆ ನಿಲ್ಲಬೇಕು. 120 ಷೇರು ತಕ್ಷಣ ಸಿಗುತ್ತಿತ್ತು, ಸರಾಸರಿ 183.47. ಮಿಕ್ಕ 280 ಕಾಯುತ್ತಿತ್ತು. ಕಾಯುವುದರಲ್ಲಿ ಅರ್ಥ ಇತ್ತಾ ಅಂದರೆ, ಇತ್ತು. ಅವಳ ಆರ್ಡರ್ ಆಸ್ಕ್ ಸಾಲನ್ನು ಗುಡಿಸಿ ಹಾಕಿದ ಕ್ಷಣ ಬಿಡ್ 181.50, ಆಸ್ಕ್ 189.50, ಎಂಟು ರೂಪಾಯಿ ಸ್ಪ್ರೆಡ್ ಆಗಿತ್ತು. ಐದಾರು ನಿಮಿಷದಲ್ಲಿ ಹೊಸ ಮಾರುವವರು 184ರ ಹತ್ತಿರ ಬಂದು ನಿಂತರು. ಡೆಪ್ತ್ ಅನ್ನುವುದು ಹೀಗೆ ಮತ್ತೆ ತುಂಬಿಕೊಳ್ಳುತ್ತದೆ. ಸ್ವಲ್ಪ ಸ್ವಲ್ಪವಾಗಿ ಕೊಂಡಿದ್ದರೆ ಬಹುಶಃ ಅದೇ ದಿನ ಎಲ್ಲವೂ 184ರ ಆಸುಪಾಸಿನಲ್ಲಿ ಸಿಗುತ್ತಿತ್ತು, ಖಂಡಿತ ಅಂತ ಹೇಳೋಕಾಗಲ್ಲ.

ಇಲ್ಲಿ ಒಂದು ಮಾತು. 189.50ರ ಲಿಮಿಟ್ ಹಾಕಿದ್ದರೆ ಫಲ ಮಾರ್ಕೆಟ್ ಆರ್ಡರ್‌ನದೇ, ಒಂದು ಪೈಸೆ ವ್ಯತ್ಯಾಸ ಇಲ್ಲ. ಲಿಮಿಟ್ ಅನ್ನುವ ಹೆಸರು ಕಾಪಾಡಲ್ಲ, ಅದರಲ್ಲಿ ಬರೆದ ಅಂಕಿ ಕಾಪಾಡುತ್ತದೆ. ಅವಸರದಲ್ಲಿ 183 ಬದಲು 1830 ಅಂತ ಒತ್ತಿದರೂ ಅಷ್ಟೇ. ಆ ದಿನದ ಬೆಲೆ ಮಿತಿ ಮೀರಿದ್ದಕ್ಕೆ ವಿನಿಮಯ ಕೇಂದ್ರ ಅದನ್ನು ತಿರಸ್ಕರಿಸಿದರೆ ಅದೃಷ್ಟ. ಕೆಲವು ಬ್ರೋಕರ್‌ಗಳು ಮಾರ್ಕೆಟ್ ಆರ್ಡರನ್ನು ತಾವೇ ಒಂದು ಮಿತಿ ಹಾಕಿ ಕಳಿಸುತ್ತಾರೆ, ಆದರೆ ಆ ಮಿತಿ ಅವರು ಇಟ್ಟದ್ದು, ನಿಮ್ಮ ಲೆಕ್ಕದ್ದಲ್ಲ.

ಲಿಮಿಟ್ ಆರ್ಡರ್‌ಗೂ ಖರ್ಚು ಇದೆ, ಅದು ರಸೀದಿಯಲ್ಲಿ ಕಾಣಲ್ಲ. ಷೇರು ಸಿಗದೇ ಹೋಗಬಹುದು. ಅರ್ಧ ಸಿಗಬಹುದು. ನೀವು 182 ಅಂತ ಕಾಯುತ್ತಾ ಕೂತಾಗ ಬೆಲೆ 195ಕ್ಕೆ ಹೋಗಿಬಿಡಬಹುದು. ಇನ್ನೊಂದು ಸೂಕ್ಷ್ಮ ಇದೆ: ತುಂಬಾ ಕೆಳಗೆ ಬಿಡ್ ಹಾಕಿ ಕಾಯುವವರಿಗೆ ಷೇರು ಸಿಗುವುದು ಹೆಚ್ಚಾಗಿ ಬೆಲೆ ಬೀಳುವಾಗಲೇ. ಕೆಟ್ಟ ಸುದ್ದಿ ಬಂದು ಎಲ್ಲರೂ ಮಾರುವ ದಿನ ನಿಮ್ಮ 178ರ ಬಿಡ್ ಕೂಡಲೇ ತುಂಬುತ್ತದೆ, ಬೆಲೆ ಅಲ್ಲಿಂದ ಕೆಳಗೂ ಹೋಗುತ್ತದೆ. ಒಳ್ಳೆಯ ದಿನ ಅದು ತುಂಬುವುದೇ ಇಲ್ಲ.

ಮುಂದಿನ ವಾರ ತಂಗಿ ಅದೇ ಷೇರು ಇನ್ನೂ 100 ಕೊಳ್ಳಬೇಕು ಅಂದಳು. ಈ ಸಲ ಜೊತೆಗೆ ಕೂತೆವು. ಬಿಡ್ 181.20. ಆಸ್ಕ್ ಕಡೆ 182.60ರಲ್ಲಿ 60 ಷೇರು, 183.50ರಲ್ಲಿ 100. ಅವಳು 182.00ಕ್ಕೆ ಲಿಮಿಟ್ ಹಾಕಿದಳು. ಸ್ಪ್ರೆಡ್ ನಡುವೆ ಹೋಗಿ ನಿಂತಿದ್ದರಿಂದ ಅವಳ ಬಿಡ್ಡೇ ಎಲ್ಲರಿಗಿಂತ ಮುಂದೆ ಆಯಿತು. ಸುಮಾರು 50 ನಿಮಿಷಕ್ಕೆ ಯಾರೋ 40 ಷೇರು ಮಾರಿದರು, ಅವಳಿಗೆ ಬಂತು. ಮಿಕ್ಕ 60 ಸಂಜೆ ತನಕ ಬರಲಿಲ್ಲ. ಅದು ಆ ದಿನಕ್ಕೆ ಮಾತ್ರ ಜೀವ ಇರುವ ಆರ್ಡರ್, ಮಾರುಕಟ್ಟೆ ಮುಚ್ಚಿದಾಗ ತಾನಾಗೇ ರದ್ದಾಯಿತು. ಮರುದಿನ ಮಾರುಕಟ್ಟೆ ತೆರೆದು ಒಂದು ಗಂಟೆ ಬಿಟ್ಟು ನೋಡಿದರೆ ಆಸ್ಕ್ 182.90, ಸಂಖ್ಯೆ 150. ಇನ್ನು ಕಾಯೋದು ಬೇಡ ಅಂತ 183ಕ್ಕೆ ಲಿಮಿಟ್ ಹಾಕಿದಳು. 60 ಷೇರೂ 182.90ಕ್ಕೇ ಸಿಕ್ಕಿತು, 183ಕ್ಕಲ್ಲ. ಮೇಲೆ ಹೇಳಿದ ಮಾತು ಅವಳಿಗೆ ನಂಬಿಕೆ ಬಂದಿದ್ದು ಆಗಲೇ.

ಲೆಕ್ಕ ಹಾಕಿದೆವು. 40 ಸಲ 182, 7,280. 60 ಸಲ 182.90, 10,974. ಒಟ್ಟು 18,254. ಮೊದಲ ದಿನವೇ ಮಾರ್ಕೆಟ್ ಆರ್ಡರ್ ಹಾಕಿದ್ದರೆ 60 ಷೇರು 182.60ಕ್ಕೆ, 40 ಷೇರು 183.50ಕ್ಕೆ, 18,296 ಆಗುತ್ತಿತ್ತು. ಎರಡು ದಿನ ಕಾದು ಉಳಿದದ್ದು 42 ರೂಪಾಯಿ. ಪ್ರತಿ ಆರ್ಡರ್‌ಗೆ ಇಷ್ಟು ಅಂತ ಶುಲ್ಕ ಇರುವ ಖಾತೆಯಲ್ಲಿ ಎರಡನೇ ಆರ್ಡರ್‌ನ ಶುಲ್ಕವೇ ಅದನ್ನು ತಿಂದುಬಿಡಬಹುದು. "ಹಂಗಾದ್ರೆ ಮೊದಲ ದಿನವೇ 183.50ಕ್ಕೆ ಲಿಮಿಟ್ ಹಾಕಿ ಮುಗಿಸಬಹುದಿತ್ತಲ್ವಾ ಅಣ್ಣ?" ಅಂದಳು. ಹೌದು, ಹಾಕಬಹುದಿತ್ತು. 100 ಷೇರಿಗೆ ಅದೇ ಸರಿಯಾದ ಆರ್ಡರ್ ಆಗಿತ್ತು. ಒಳ್ಳೆಯ ಬೆಲೆಗೆ ಚೌಕಾಸಿ ಮಾಡೋಕೆ ಅಂತ ಲಿಮಿಟ್ ಹಾಕುವವರು ಹಾಕಲಿ. ಮೊದಲ ಸಲ ಕೊಳ್ಳುವವರಿಗೆ ಅದರ ಉಪಯೋಗ ಬೇರೆ: ಸಿಗುವ ಆಸ್ಕ್‌ಗೆ ಅಥವಾ ಅದಕ್ಕಿಂತ ಒಂದು ಸಾಲು ಮೇಲೆ ಮಿತಿ ಹಾಕಿ, ಸ್ಪ್ರೆಡ್ ಕೊಟ್ಟೇ ಕೊಳ್ಳುವುದು, ಆದರೆ ಅದರಿಂದಾಚೆ ಜಾರಲು ಬಿಡದಿರುವುದು. ಮೊದಲ ಖರೀದಿಯ 1,486ರಲ್ಲಿ ಆ 1,086 ಭಾಗಕ್ಕೆ ಕಡಿವಾಣ ಹಾಕುವ ಆರ್ಡರ್ ಇದು.

ನಿಮಗೂ ಹೀಗೆ ಆಗಿದೆಯಾ ಅಂತ ತಿಳಿಯಬೇಕಾದರೆ ಆ್ಯಪ್‌ನ ಆರ್ಡರ್ ಬುಕ್ ಅಲ್ಲ, ಟ್ರೇಡ್ ಬುಕ್ ತೆರೆದು ನೋಡಿ. ಆರ್ಡರ್ ಬುಕ್‌ನಲ್ಲಿ ಒಂದೇ ಸಾಲು, ಒಂದೇ ಸರಾಸರಿ ಬೆಲೆ ಇರುತ್ತದೆ. ಟ್ರೇಡ್ ಬುಕ್‌ನಲ್ಲಿ ಒಂದೊಂದು ವ್ಯವಹಾರವೂ ಬೇರೆ ಬೇರೆ ಬಿದ್ದಿರುತ್ತದೆ. ಒಂದೇ ಸಮಯದ ಮುದ್ರೆ ಇದ್ದು ಬೆಲೆ ಮಾತ್ರ ಏರುತ್ತಾ ಹೋಗಿದ್ದರೆ ನಿಮ್ಮ ಆರ್ಡರ್ ಸಾಲುಗಳನ್ನು ಇಳಿದಿದೆ ಅಂತ ಅರ್ಥ. ತಂಗಿಯ ಮೊದಲ ದಿನದ ಟ್ರೇಡ್ ಬುಕ್‌ನಲ್ಲಿ ಅಂಥ ಐದು ಬೆಲೆಗಳಿವೆ, 183.00ರಿಂದ 189.50ರ ತನಕ, ಐದಕ್ಕೂ ಒಂದೇ ಸೆಕೆಂಡಿನ ಮುದ್ರೆ. ಎರಡನೇ ಖರೀದಿಯ 60 ಷೇರಿಗೆ ಇರುವುದು ಒಂದೇ ಬೆಲೆ.